ಸ್ಪೀಡ್ ಇದ್ದರೂ ಗೇಮ್ ಯಾಕೆ ಲ್ಯಾಗ್? ಮೊಬೈಲ್ ನೆಟ್‌ನ ಲೇಟೆನ್ಸಿ, ಜಿಟ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿ ನನಗೆ 14 ವರ್ಷ ಆಯಿತು. ಮದುವೆ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ನಾನು ಮಾಡುವ ಕೆಲಸ ಗೊತ್ತಾದ ಹುಡುಗರು ಮೊದಲು ಕೇಳುವುದು ಇದನ್ನೇ: ‘ಅಣ್ಣಾ, ನೆಟ್ ಫುಲ್ ಸ್ಪೀಡ್ ಇದೆ, ಆದ್ರೂ ಗೇಮ್ ಮಾತ್ರ ಸ್ಟಕ್ ಆಗುತ್ತೆ, ಯಾಕೆ?’ ಅವರು ಹೇಳುವ ಎರಡೂ ಮಾತು ನಿಜ. ಸ್ಪೀಡ್ ಇರುವುದೂ ನಿಜ, ಗೇಮ್ ನಿಲ್ಲುವುದೂ ನಿಜ. ಹಾಗೆ ಕೇಳಿದವರಿಗೆ ಕೂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಸ್ಪೀಡ್ ಟೆಸ್ಟಿನಲ್ಲಿ 40 ಎಂಬಿಪಿಎಸ್ ತೋರಿಸುತ್ತದೆ. ಆದರೂ ಗೇಮ್ ಯಾಕೆ ಲ್ಯಾಗ್ ಆಗುತ್ತದೆ?

ಸ್ಪೀಡ್ ಟೆಸ್ಟ್ ಅಳೆಯುವ ವಸ್ತು ಒಂದು, ಗೇಮಿಗೆ ಬೇಕಾದ ವಸ್ತು ಇನ್ನೊಂದು.

ತೀರ್ಥಹಳ್ಳಿಯಿಂದ ಶಿವಮೊಗ್ಗದ ಮಂಡಿಗೆ ಒಂದು ಲಾರಿ ಅಡಿಕೆ ಹೊರಟಿದೆ ಎಂದುಕೊಳ್ಳಿ. ಅದೇ ದಾರಿಯಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಒಂದು ಚೀಟಿ ಒಯ್ಯುತ್ತಿದ್ದಾನೆ. ದಿನಕ್ಕೆ ಎಷ್ಟು ಮೂಟೆ ಅಡಿಕೆ ಮಂಡಿ ಸೇರಿತು ಎನ್ನುವುದು ಸ್ಪೀಡ್ ಟೆಸ್ಟಿನ ಲೆಕ್ಕ. ಚೀಟಿ ಹೋಗಿ ಉತ್ತರ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದು ಲೇಟೆನ್ಸಿಯ ಲೆಕ್ಕ. ಗೇಮಿನಲ್ಲಿ ಇದನ್ನೇ ಪಿಂಗ್ ಎಂದು ಮೂಲೆಯಲ್ಲಿ ತೋರಿಸುತ್ತಾರೆ, ಮಿಲಿಸೆಕೆಂಡಿನಲ್ಲಿ. ಲಾರಿ ಹತ್ತು ನಿಮಿಷ ಗೇಟಿನಲ್ಲಿ ನಿಂತರೂ ದಿನದ ಕೊನೆಗೆ ಅಷ್ಟೇ ಮೂಟೆ ಸೇರಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚೀಟಿ ಹತ್ತು ನಿಮಿಷ ನಿಂತರೆ ಅದರಲ್ಲಿ ಬರೆದ ದರವೇ ಹಳತಾಗುತ್ತದೆ.

ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್‌ಗೆ ಒಟ್ಟಿಗೆ ಹಲವು ಸಂಪರ್ಕ ತೆರೆದು ಹತ್ತು ಹದಿನೈದು ಸೆಕೆಂಡ್ ಎಷ್ಟು ಬೈಟ್ ಬಂತೆಂದು ಎಣಿಸುತ್ತದೆ. ನಡುವೆ ಅರ್ಧ ಸೆಕೆಂಡ್ ಏನೂ ಬರದೆ, ಆಮೇಲೆ ಎಲ್ಲ ಒಟ್ಟಿಗೆ ನುಗ್ಗಿದರೂ ಅಂಕಿ ಹೆಚ್ಚುಕಡಿಮೆ ಅದೇ. ಗೇಮಿನಲ್ಲಿ ಆ ಅರ್ಧ ಸೆಕೆಂಡಿನಲ್ಲೇ ನೀವು ಗುಂಡು ತಿಂದು ಬಿದ್ದಿರುತ್ತೀರಿ.

ಹಾಗಾದರೆ ಗೇಮಿಗೆ ನಿಜಕ್ಕೂ ಎಷ್ಟು ಸ್ಪೀಡ್ ಬೇಕು?

ನೀವು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ಮ್ಯಾಪ್, ಬಂದೂಕು, ಮನೆ, ಮರ ಎಲ್ಲವೂ ಮೊದಲೇ ಫೋನಿನಲ್ಲಿ ಡೌನ್‌ಲೋಡ್ ಆಗಿ ಕೂತಿವೆ. ಆಟದ ಹೊತ್ತಿನಲ್ಲಿ ಓಡಾಡುವುದು ‘ನಾನು ಇಲ್ಲಿದ್ದೇನೆ, ಈ ಕಡೆ ನೋಡುತ್ತಿದ್ದೇನೆ, ಟ್ರಿಗರ್ ಒತ್ತಿದೆ’ ಎಂಬಷ್ಟು ಸುದ್ದಿ ಮಾತ್ರ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಫೋನ್ ಸೆಕೆಂಡಿಗೆ 30 ಪ್ಯಾಕೆಟ್ ಕಳಿಸುತ್ತದೆ, ಒಂದೊಂದು 100 ಬೈಟ್. ಸರ್ವರ್ ಸೆಕೆಂಡಿಗೆ 30 ಪ್ಯಾಕೆಟ್ ವಾಪಸ್ ಕಳಿಸುತ್ತದೆ, ಸುತ್ತಲಿನ ಆಟಗಾರರ ಸುದ್ದಿಯೂ ಸೇರಿ ಒಂದೊಂದು 400 ಬೈಟ್. ಹೋಗುವುದು 24 ಕೆಬಿಪಿಎಸ್, ಬರುವುದು 96 ಕೆಬಿಪಿಎಸ್, ಒಟ್ಟು 120 ಕೆಬಿಪಿಎಸ್. ಒಂದು ತಾಸು ಆಡಿದರೆ 54 ಎಂಬಿ. ನಿಮ್ಮ 40 ಎಂಬಿಪಿಎಸ್‌ನಲ್ಲಿ ಇದು ಮುನ್ನೂರರಲ್ಲಿ ಒಂದು ಪಾಲೂ ಅಲ್ಲ. ಗೇಮಿನಿಂದ ಗೇಮಿಗೆ ಅಂಕಿ ಬದಲಾಗುತ್ತದೆ, ಮಟ್ಟ ಮಾತ್ರ ಇದೇ. ಹೀಗಾಗಿ 40ರ ಜಾಗದಲ್ಲಿ 100 ಎಂಬಿಪಿಎಸ್ ಬಂದರೂ, ಅಷ್ಟರಿಂದಲೇ ಆಟ ಸುಧಾರಿಸುವುದಿಲ್ಲ.

ಗೇಮಿನ ಸರ್ವರ್ ದೂರ ಇದ್ದರೆ ಎಷ್ಟು ವ್ಯತ್ಯಾಸ?

ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 845 ಕಿ.ಮೀ. ಹೋಗಿ ಬರಲು ಎಂಟೂವರೆ ಮಿಲಿಸೆಕೆಂಡ್ ಬೇಕೇ ಬೇಕು. ಸಿಂಗಾಪುರ ಸುಮಾರು 3,200 ಕಿ.ಮೀ., ಅಲ್ಲಿಗೆ ಹೋಗಿ ಬರಲು 32. ಕೇಬಲ್ ನೇರ ಗೆರೆಯಲ್ಲಿ ಇರುವುದಿಲ್ಲ, ನಡುವೆ ರೂಟರ್‌ಗಳೂ ಇವೆ, ಆದ್ದರಿಂದ ನಿಜದಲ್ಲಿ ಇದರ ಒಂದೂವರೆ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ. ಬೆಳಕು ಓಡಲು ಬೇಕಾದ ಹೊತ್ತಿಗಿಂತ ಕಡಿಮೆ ಮಾಡಲು ಯಾವ ಕಂಪನಿಗೂ, ಯಾವ ಆಪ್‌ಗೂ ಸಾಧ್ಯವಿಲ್ಲ. ಗೇಮಿನ ಸೆಟ್ಟಿಂಗ್‌ನಲ್ಲಿ ಸರ್ವರ್ ಆರಿಸುವ ಅವಕಾಶ ಇದ್ದರೆ ಹತ್ತಿರದ್ದನ್ನು ಆರಿಸಿ.

ದೂರದಿಂದ ಬರುವ ತಡಕ್ಕೆ ಒಂದು ಒಳ್ಳೆಯ ಗುಣ ಇದೆ. ಅದು ಪ್ರತಿ ಸಲವೂ ಬಹುತೇಕ ಒಂದೇ ಇರುತ್ತದೆ. 60 ಅಂದರೆ 60. ಅದಕ್ಕೆ ಕೈ ಒಗ್ಗಿಕೊಳ್ಳುತ್ತದೆ, ಗೇಮೂ ಒಗ್ಗಿಕೊಳ್ಳುತ್ತದೆ. ನಿಜವಾದ ಕಾಟ ಮುಂದಿನ ಪ್ರಶ್ನೆಯದು.

ಜಿಟ್ಟರ್ ಅಂದರೆ ಏನು? ಪಿಂಗ್‌ಗೂ ಅದಕ್ಕೂ ಏನು ವ್ಯತ್ಯಾಸ?

ಒಂದು ಪ್ಯಾಕೆಟ್ಟಿಗೂ ಮುಂದಿನದಕ್ಕೂ ತಡ ಎಷ್ಟು ಏರುಪೇರಾಗುತ್ತದೆ ಎನ್ನುವುದೇ ಜಿಟ್ಟರ್. ಎರಡು ಮನೆಗಳ ಪಿಂಗ್ ನೋಡಿ, ಮಿಲಿಸೆಕೆಂಡಿನಲ್ಲಿ.

ಮೊದಲ ಮನೆ: 62, 64, 61, 63, 65, 62.
ಎರಡನೇ ಮನೆ: 30, 34, 31, 150, 33, 32.

ಸರಾಸರಿ ತೆಗೆದರೆ ಮೊದಲ ಮನೆಗೆ 63, ಎರಡನೆಯದಕ್ಕೆ 52. ಸರಾಸರಿ ನಂಬಿದರೆ ಎರಡನೇ ಮನೆಯೇ ವಾಸಿ. ಈಗ ಒಂದರಿಂದ ಇನ್ನೊಂದಕ್ಕೆ ಎಷ್ಟು ಜಿಗಿಯಿತು ಎಂದು ಕಳೆಯುತ್ತಾ ಹೋಗಿ. ಮೊದಲ ಮನೆಯಲ್ಲಿ 2, 3, 2, 2, 3, ಅಂದರೆ ಸರಾಸರಿ ಜಿಗಿತ ಎರಡೂವರೆಯೂ ಇಲ್ಲ. ಎರಡನೇ ಮನೆಯಲ್ಲಿ 4, 3, 119, 117, 1, ಸರಾಸರಿ 49 ಹತ್ತಿರ. ಆಡಲು ಕೂತರೆ ಮೊದಲ ಮನೆಯಲ್ಲಿ ಆಟ ಸಲೀಸು, ಎರಡನೇ ಮನೆಯಲ್ಲಿ ಎದುರಾಳಿ ಆಗಾಗ ಮಾಯವಾಗಿ ಬೇರೆಡೆ ಪ್ರತ್ಯಕ್ಷ ಆಗುತ್ತಾನೆ.

ಕಾರಣ ಗೇಮಿನ ಒಳಗಿದೆ. ಸರ್ವರ್ ಸೆಕೆಂಡಿಗೆ 30 ಸಲ ಸುದ್ದಿ ಕಳಿಸಿದರೆ 33 ಮಿಲಿಸೆಕೆಂಡಿಗೆ ಒಂದು ಬರಬೇಕು. ಫೋನ್ ಬಂದದ್ದನ್ನು ಬಂದ ಹಾಗೇ ತೋರಿಸುವುದಿಲ್ಲ. ಒಂದೆರಡು ಪ್ಯಾಕೆಟ್ಟಿನಷ್ಟು ಹಿಂದೆ ಉಳಿದು, ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ನಡುವೆ ಎದುರಾಳಿಯನ್ನು ನಯವಾಗಿ ಓಡಿಸುತ್ತದೆ. ಅಡುಗೆಮನೆಯಲ್ಲಿ ಒಂದು ದಿನಕ್ಕಾಗುವಷ್ಟು ಹಾಲು ಯಾವಾಗಲೂ ಇಟ್ಟುಕೊಂಡ ಹಾಗೆ. ಹಾಲಿನವನು ಸ್ವಲ್ಪ ತಡ ಮಾಡಿದರೂ ಕಾಫಿ ನಿಲ್ಲುವುದಿಲ್ಲ. ಹೀಗೆ ಕೂಡಿಟ್ಟದ್ದು 60–70 ಮಿಲಿಸೆಕೆಂಡಿನಷ್ಟು ಎಂದುಕೊಳ್ಳಿ. ಹತ್ತಿಪ್ಪತ್ತರ ಏರುಪೇರು ಅದರೊಳಗೇ ಕರಗಿಹೋಗುತ್ತದೆ. ಒಂದು ಪ್ಯಾಕೆಟ್ 120 ತಡವಾದರೆ ಕೂಡಿಟ್ಟದ್ದು ಮುಗಿಯಿತು. ಆಗ ಫೋನ್ ಒಂದೋ ಎದುರಾಳಿಯನ್ನು ನಿಲ್ಲಿಸಬೇಕು, ಇಲ್ಲವೇ ಅವನು ಹೋಗುತ್ತಿದ್ದ ದಿಕ್ಕಿನಲ್ಲೇ ಊಹೆಯಿಂದ ಓಡಿಸಬೇಕು. ಊಹೆ ತಪ್ಪಿದ್ದರೆ ನಿಜವಾದ ಸುದ್ದಿ ಬಂದ ಕ್ಷಣ ಅವನನ್ನು ಸರಿಯಾದ ಜಾಗಕ್ಕೆ ಎಳೆದು ಹಾಕುತ್ತದೆ. ನೀವು ಕಾಣುವ ಜಿಗಿತ ಅದೇ.

ವಿಡಿಯೊ ನೋಡುವಾಗ ಇದೇ ಜಿಟ್ಟರ್ ಇದ್ದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಹತ್ತಾರು ಸೆಕೆಂಡ್ ಮೊದಲೇ ತಂದು ಕೂಡಿಡಬಹುದು. ಗೇಮಿನಲ್ಲಿ ಹಾಗೆ ಕೂಡಿಟ್ಟರೆ ನೀವು ಹತ್ತು ಸೆಕೆಂಡ್ ಹಿಂದಿನ ಆಟ ಆಡಬೇಕಾಗುತ್ತದೆ.

ಟವರ್ ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅಷ್ಟು ಹತ್ತಿರದಲ್ಲಿ ತಡ ಎಲ್ಲಿಂದ ಬರುತ್ತದೆ?

ಇಡೀ ವಿಷಯದ ಬೇರು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಆ ಅರ್ಧ ಕಿಲೋಮೀಟರ್ ದಾಟಲು ರೇಡಿಯೊ ಅಲೆಗೆ ಎರಡು ಮೈಕ್ರೊಸೆಕೆಂಡ್ ಸಾಕು. ತಡ ಆಗುವುದು ಓಡುವುದರಲ್ಲಿ ಅಲ್ಲ, ಸರದಿ ಕಾಯುವುದರಲ್ಲಿ ಮತ್ತು ಕೆಟ್ಟದ್ದನ್ನು ಮತ್ತೆ ಕಳಿಸುವುದರಲ್ಲಿ.

ಮೊದಲು ಸರದಿ. 4ಜಿಯಲ್ಲಿ ನಿಮ್ಮ ಫೋನ್ ತನಗೆ ಬೇಕೆನಿಸಿದಾಗ ಮಾತಾಡುವ ಹಾಗಿಲ್ಲ. ‘ಕಳಿಸಲು ಏನೋ ಇದೆ’ ಎಂದು ಮೊದಲು ಟವರಿಗೆ ಕೈ ಎತ್ತಬೇಕು. ಕೈ ಎತ್ತುವುದಕ್ಕೂ ಅದಕ್ಕೆ ಗೊತ್ತುಮಾಡಿದ ಹೊತ್ತು ಇದೆ, ಹತ್ತು ಇಪ್ಪತ್ತು ಮಿಲಿಸೆಕೆಂಡಿಗೆ ಒಮ್ಮೆ. ಟವರ್ ಅದನ್ನು ನೋಡಿ ‘ಈ ಹೊತ್ತಿಗೆ ಇಷ್ಟು ಕಳಿಸು’ ಎಂದು ಅನುಮತಿ ಕೊಟ್ಟ ಮೇಲೆ ಪ್ಯಾಕೆಟ್ ಹೊರಡುತ್ತದೆ. ಕೈ ಎತ್ತುವ ಹೊತ್ತು ಆಗಷ್ಟೇ ಕಳೆದಿದ್ದರೆ ಪೂರ್ತಿ ಕಾಯಬೇಕು, ಸರಿಯಾಗಿ ಕೂಡಿಬಂದರೆ ಕಾಯಬೇಕಿಲ್ಲ. ನೆಟ್‌ವರ್ಕ್ ಖಾಲಿ ಇದ್ದರೂ ಮೊಬೈಲಿನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಏರುಪೇರು ಇರುವುದು ಇದರಿಂದ. ದೊಡ್ಡ ಫೈಲ್ ಅಪ್‌ಲೋಡ್ ಮಾಡುವವನಿಗೆ ಇದು ತಟ್ಟುವುದಿಲ್ಲ. ಅವನು ಒಮ್ಮೆ ಕೈ ಎತ್ತಿದರೆ ಅನುಮತಿ ಸಾಲಾಗಿ ಬರುತ್ತಾ ಇರುತ್ತದೆ. ಚಿಕ್ಕ ಚಿಕ್ಕ ಪ್ಯಾಕೆಟ್ಟನ್ನು ಬಿಡಿಬಿಡಿಯಾಗಿ ಕಳಿಸುವ ಗೇಮಿಗೆ ತಟ್ಟುತ್ತದೆ.

ಆಮೇಲೆ ಮತ್ತೆ ಕಳಿಸುವುದು. ಟವರ್ ನಿಮ್ಮ ಸಿಗ್ನಲ್ ನೋಡಿ ಎಷ್ಟು ವೇಗದಲ್ಲಿ ಕಳಿಸಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ನಿಧಾನಕ್ಕೆ ಕಳಿಸಿದರೆ ಒಂದೂ ಕೆಡುವುದಿಲ್ಲ, ಆದರೆ ಸ್ಪೀಡ್ ಕಮ್ಮಿ. ಅತಿ ವೇಗ ಹಿಡಿದರೆ ಬಹಳ ಕೆಡುತ್ತವೆ. ಹತ್ತರಲ್ಲಿ ಒಂದು ಮೊದಲ ಸಲ ಕೆಡುವಷ್ಟು ವೇಗ ಹಿಡಿದರೆ ಒಟ್ಟು ಸಾಗುವ ಸರಕು ಹೆಚ್ಚು, ಆದ್ದರಿಂದ ಸಾಮಾನ್ಯವಾಗಿ ಬೇಕೆಂದೇ ಆ ಮಟ್ಟಕ್ಕೆ ಇಟ್ಟಿರುತ್ತಾರೆ. ಕೆಟ್ಟದ್ದನ್ನು 4ಜಿಯಲ್ಲಿ ಸುಮಾರು 8 ಮಿಲಿಸೆಕೆಂಡಿನ ನಂತರ ಮತ್ತೆ ಕಳಿಸುತ್ತಾರೆ. ಮತ್ತೆ ಕೆಟ್ಟರೆ ಇನ್ನೊಂದು 8. ಅದೂ ಕೈಕೊಟ್ಟರೆ ಅದರ ಮೇಲಿನ ಪದರ ‘ನನಗೆ ಇಂಥದ್ದು ಸಿಗಲಿಲ್ಲ’ ಎಂದು ಪಟ್ಟಿ ಕಳಿಸಿ ತರಿಸಿಕೊಳ್ಳುತ್ತದೆ, ಅದಕ್ಕೆ ಹತ್ತಾರು ಮಿಲಿಸೆಕೆಂಡ್. ಅಲ್ಲಿಯವರೆಗೆ ಹಿಂದಿನಿಂದ ಸರಿಯಾಗಿ ಬಂದ ಪ್ಯಾಕೆಟ್‌ಗಳನ್ನೂ ಕಾಯಿಸುತ್ತದೆ, ಯಾಕೆಂದರೆ 4ಜಿ ಎಲ್ಲವನ್ನೂ ಕ್ರಮವಾಗಿಯೇ ಒಪ್ಪಿಸಬೇಕು. ಸಿಕ್ಕಿದ ಕೂಡಲೇ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಗೇಮ್ ಒಂದು ಕ್ಷಣ ನಿಂತು ಆಮೇಲೆ ದಡಬಡ ಓಡುವುದನ್ನು ನೋಡಿದ್ದರೆ, ಒಂದು ಕಾರಣ ಇದು.

ಗೇಮುಗಳು ಪ್ಯಾಕೆಟ್ ಕಳಿಸಲು ಸಾಮಾನ್ಯವಾಗಿ ಯುಡಿಪಿ ಎಂಬ ವಿಧಾನ ಬಳಸುತ್ತವೆ. ಕಳೆದುಹೋದ ಹಳೆಯ ಸುದ್ದಿ ಬೇಡ, ಹೊಸದು ಬೇಗ ಬರಲಿ ಎನ್ನುವುದು ಅದರ ಉದ್ದೇಶ. ಕೆಳಗಿನ ರೇಡಿಯೊ ಪದರಕ್ಕೆ ಅದು ತಿಳಿಯದು. ಅದು ಹಳಸಿದ ಸುದ್ದಿಯನ್ನೂ ಹಟ ಹಿಡಿದು ತಲುಪಿಸುತ್ತದೆ.

ಮೊಬೈಲ್ ನೆಟ್‌ವರ್ಕ್ ಹೊತ್ತಿಗೆ ಸರಿಯಾಗಿ ತಲುಪಿಸುವುದನ್ನು ಬಿಟ್ಟುಕೊಟ್ಟು ಸ್ಪೀಡನ್ನು ಕೊಂಡಿದೆ ಎಂದು ನಾನು ಹೇಳುವುದು ಇದಕ್ಕೇ. ಡೌನ್‌ಲೋಡ್ ಮಾಡುವವನಿಗೆ ಇದು ಲಾಭದ ವ್ಯಾಪಾರ, ಆಡುವವನಿಗೆ ನಷ್ಟದ್ದು.

ಅದೇ ಜಾಗದಲ್ಲಿ ಫೋನ್ ಕಾಲ್ ಸ್ಪಷ್ಟವಾಗಿ ಕೇಳುತ್ತದೆ. ಗೇಮ್ ಮಾತ್ರ ಯಾಕೆ ಹಾಗೆ?

4ಜಿ ಮೇಲಿನ ಕಾಲ್ ಕೂಡ ಪ್ಯಾಕೆಟ್ಟೇ, ಆದರೆ ಅದಕ್ಕೆ ಬೇರೆ ಸಾಲು ಇದೆ. 4ಜಿಯ ನಿಯಮಾವಳಿಯಲ್ಲಿ ಪ್ರತಿ ಬಗೆಯ ಸಂಚಾರಕ್ಕೂ ಒಂದು ದರ್ಜೆ, ಅದಕ್ಕೊಂದು ಗಡುವು. ಕಾಲ್‌ಗೆ ಒಂದನೇ ದರ್ಜೆ: 100 ಮಿಲಿಸೆಕೆಂಡಿನೊಳಗೆ ದಾಟಿಸಬೇಕು, ನೂರರಲ್ಲಿ ಒಂದು ಕಳೆದುಹೋದರೂ ಪರವಾಗಿಲ್ಲ. ಸಾಮಾನ್ಯ ಇಂಟರ್ನೆಟ್ಟಿಗೆ ಬಹುತೇಕ ಒಂಬತ್ತನೇ ದರ್ಜೆ: 300 ಮಿಲಿಸೆಕೆಂಡ್‌ವರೆಗೆ ತಡ ಆದರೂ ಸರಿ, ಕಳೆದುಹೋಗುವುದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು.

ಅದೇ ಪಟ್ಟಿಯಲ್ಲಿ ಮೂರನೇ ದರ್ಜೆ ಗೇಮಿಗಾಗಿಯೇ ಇದೆ. ಗಡುವು 50 ಮಿಲಿಸೆಕೆಂಡ್, ಸಾವಿರಕ್ಕೆ ಒಂದು ಹೋದರೆ ಹೋಗಲಿ. ನಿಯಮ ಬರೆದವರಿಗೆ ಗೇಮಿಗೆ ಬೇಕಾದ್ದು ಏನೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಆ ದರ್ಜೆ ಕೊಡುವುದೆಂದರೆ ಒಬ್ಬನಿಗಾಗಿ ರೇಡಿಯೊದ ಸ್ವಲ್ಪ ಪಾಲನ್ನು ಕಾದಿರಿಸುವುದು. ಹಾಗಾಗಿ ಮಾಮೂಲಿ ಡೇಟಾ ಪ್ಯಾಕಿನಲ್ಲಿ ನಿಮ್ಮ ಗೇಮ್, ವಿಡಿಯೊ ಮತ್ತು ಆಪ್ ಅಪ್‌ಡೇಟ್ ಮೂರೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಮನೆಯಲ್ಲಿ ಬೇರೆ ಯಾರೋ ನೆಟ್ ಬಳಸಿದ ತಕ್ಷಣ ಪಿಂಗ್ 600ಕ್ಕೆ ಏರುತ್ತದೆ. ಸ್ಪೀಡ್ ಇದ್ದಮೇಲೆ ಹಂಚಿಕೊಂಡರೆ ಏನಾಗಬೇಕು?

ಶಿವಮೊಗ್ಗದ ಅಕ್ಕನ ಮನೆಯಲ್ಲಿ ನಾನೇ ಕೂತು ಅಳೆದದ್ದನ್ನು ಹೇಳುತ್ತೇನೆ. ಮನೆಗೆ ಸಿಮ್ ಹಾಕುವ 4ಜಿ ರೂಟರ್ ಇದೆ. ಅಕ್ಕನ ಮಗ ಪಿಯುಸಿ ಓದುತ್ತಾನೆ, ರಾತ್ರಿ ಒಂಬತ್ತರಿಂದ ಹತ್ತು ಅವನಿಗೆ ಆಟದ ಹೊತ್ತು. ‘ಮಾಮ, ಒಂಬತ್ತೂಕಾಲಿಗೆ ಸರಿಯಾಗಿ ಹಾಳಾಗುತ್ತೆ, ದಿನಾ’ ಅಂದ. ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದ: ಡೌನ್‌ಲೋಡ್ 42, ಅಪ್‌ಲೋಡ್ 3 ಎಂಬಿಪಿಎಸ್, ಪಿಂಗ್ 38. ಎಲ್ಲ ಸರಿಯಾಗೇ ಕಾಣುತ್ತಿತ್ತು.

ನಾನು ಎಂಟೂವರೆಗೆ ಪಿಂಗ್ ಹಾಕಿ ನೋಡಿದೆ. ಕನಿಷ್ಠ 34, ಸರಾಸರಿ 47, ಗರಿಷ್ಠ 118. ಒಂಬತ್ತೂಕಾಲು ದಾಟಿದ ಮೇಲೆ ಮತ್ತೆ ಹಾಕಿದೆ. ಕನಿಷ್ಠ 290, ಸರಾಸರಿ 640, ಗರಿಷ್ಠ 1,100. ಅಷ್ಟು ಹೊತ್ತಿಗೆ ಅಕ್ಕ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದಿದ್ದಳು. ಅವಳ ಫೋನ್ ವೈಫೈ ಹಿಡಿದ ಕೂಡಲೇ ಅಂದಿನ ಫೋಟೊ, ವಿಡಿಯೊ ಎಲ್ಲ ಬ್ಯಾಕಪ್‌ಗೆ ಹೊರಡುತ್ತಿದ್ದವು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಆ ವಾರ ನೆಂಟರ ಗೃಹಪ್ರವೇಶ ಬೇರೆ ಆಗಿತ್ತು.

ಲೆಕ್ಕ ನೋಡಿ. 3 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 375 ಕೆಬಿ. 4 ಎಂಬಿಯ ಒಂದು ಫೋಟೊ ಹತ್ತಿ ಹೋಗಲು ಹನ್ನೊಂದು ಸೆಕೆಂಡ್ ಹತ್ತಿರ ಬೇಕು, ಅಂಥ 60 ಫೋಟೊಗೆ ಹನ್ನೊಂದು ನಿಮಿಷ. ಬ್ಯಾಕಪ್ ಆಪ್ ದಾರಿ ತಡೆದುಕೊಳ್ಳುವಷ್ಟು ಸರಕನ್ನು ರೂಟರ್ ಕಡೆ ತಳ್ಳುತ್ತಲೇ ಇರುತ್ತದೆ. ರೂಟರ್ ಅದನ್ನು ಚೆಲ್ಲುವುದಿಲ್ಲ, ತನ್ನ ಬಫರಿನಲ್ಲಿ ಸಾಲು ನಿಲ್ಲಿಸುತ್ತದೆ. ಆ ಸಾಲಿನಲ್ಲಿ 225 ಕೆಬಿ ನಿಂತಿದೆ ಎಂದರೆ ಕೊನೆಯಲ್ಲಿ ನಿಂತವನ ಸರದಿ ಬರಲು 600 ಮಿಲಿಸೆಕೆಂಡ್. ನಮ್ಮ ಹುಡುಗನ 100 ಬೈಟಿನ ಪ್ಯಾಕೆಟ್ ಬಂದು ನಿಲ್ಲುವುದು ಅಲ್ಲೇ, ಎಲ್ಲಕ್ಕಿಂತ ಹಿಂದೆ. ನಾನು ಕಂಡ 640ರಲ್ಲಿ ಸುಮಾರು 600 ಈ ಸಾಲಿನದು, ಉಳಿದ 40 ಚಿಲ್ಲರೆ ನಿಜವಾದ ದಾರಿಯದು.

ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಕಂಡು, ಹೆಸರಿಟ್ಟು, ಎಲ್ಲರ ಗಮನಕ್ಕೆ ತಂದರು. ಮೆಮೊರಿ ಅಗ್ಗವಾಯಿತೆಂದು ಎಲ್ಲ ಉಪಕರಣಗಳಲ್ಲೂ ದೊಡ್ಡ ಬಫರ್ ಇಟ್ಟದ್ದರಿಂದ ಹೀಗಾಯಿತು. ಬಫರ್ ತುಂಬಿ ಪ್ಯಾಕೆಟ್ ಚೆಲ್ಲಿದರೆ ಮಾತ್ರ ಕಳಿಸುವವನಿಗೆ ‘ನಿಧಾನ ಮಾಡು’ ಎಂಬ ಸುಳಿವು ಸಿಗುತ್ತದೆ, ಬಫರ್ ದೊಡ್ಡದಾದಷ್ಟೂ ಆ ಸುಳಿವು ತಡ.

ಮೊದಲು ಸ್ಪೀಡ್ ಟೆಸ್ಟ್ ಯಾಕೆ ಇದನ್ನು ಹಿಡಿಯಲಿಲ್ಲ? ಅವನು ಟೆಸ್ಟ್ ಮಾಡಿದ್ದು ಬ್ಯಾಕಪ್ ಇಲ್ಲದ ಹೊತ್ತಿನಲ್ಲಿ. ಜೊತೆಗೆ, ಅವನು ನೋಡಿದ ಪಿಂಗ್ ಅಂಕಿ ಡೌನ್‌ಲೋಡ್ ಶುರುವಾಗುವ ಮೊದಲು, ಸಾಲು ಖಾಲಿ ಇರುವಾಗ ಅಳೆದದ್ದು.

ನಾವು ಮಾಡಿದ್ದು ಇಷ್ಟೇ. ಅಕ್ಕನ ಫೋನಿನ ಬ್ಯಾಕಪ್ಪನ್ನು ಫೋನ್ ಚಾರ್ಜಿಗೆ ಹಾಕಿದಾಗ ಮಾತ್ರ ನಡೆಯುವಂತೆ ಸೆಟ್ ಮಾಡಿದೆವು, ಅವಳು ಚಾರ್ಜಿಗೆ ಹಾಕುವುದು ಮಲಗುವಾಗ. ಮರುದಿನ ಒಂಬತ್ತೂವರೆಗೆ ಅಳೆದರೆ 36, 52, 190. ಸ್ಪೀಡ್ ಒಂದು ಎಂಬಿಪಿಎಸ್ ಕೂಡ ಹೆಚ್ಚಲಿಲ್ಲ, ಆಟ ಸರಿಹೋಯಿತು. ಆ 190 ಉಳಿದದ್ದು ಟವರಿನ ಕಡೆಯದು, ಅದು ನಮ್ಮ ಕೈಯಲ್ಲಿ ಇರಲಿಲ್ಲ.

ಕೆಲವು ರೂಟರ್‌ಗಳಲ್ಲಿ ಎಸ್‌ಕ್ಯೂಎಂ ಎಂಬ ಸೆಟ್ಟಿಂಗ್ ಇರುತ್ತದೆ. ಅಪ್‌ಲೋಡ್ ಮಿತಿಯನ್ನು ನಿಜವಾದ ಸ್ಪೀಡಿಗಿಂತ ಹತ್ತು ಹದಿನೈದು ಪರ್ಸೆಂಟ್ ಕಡಿಮೆಗೆ ಇಟ್ಟರೆ ಸಾಲು ಬೆಳೆಯುವುದೇ ಇಲ್ಲ, ಚಿಕ್ಕ ಪ್ಯಾಕೆಟ್ಟಿಗೂ ಬೇಗ ಸರದಿ ಬರುತ್ತದೆ. ಫೈಬರ್ ಸಂಪರ್ಕದಲ್ಲಿ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. 4ಜಿಯಲ್ಲಿ ಸ್ಪೀಡೇ ಗಳಿಗೆಗೊಂದು ಆಗುವುದರಿಂದ ಮಿತಿ ಎಷ್ಟಕ್ಕೆ ಇಡಬೇಕೆಂದು ನಿಲ್ಲುವುದಿಲ್ಲ, ಅರ್ಧದಷ್ಟು ಫಲ ಸಿಗುತ್ತದೆ.

ಮನೆಯಲ್ಲಿ ನಾನೊಬ್ಬನೇ. ಆದರೂ ಸಂಜೆ ಏಳರಿಂದ ಹನ್ನೊಂದರವರೆಗೆ ಲ್ಯಾಗ್, ಬೆಳಿಗ್ಗೆ ಸರಿ. ಯಾಕೆ?

ಅದು ಟವರಿನ ಜನಸಂದಣಿ. ಟವರಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಸಾಲು ಇರುತ್ತದೆ, ಪಕ್ಕದ ಮನೆಯವರ ಸಿನಿಮಾ ನಿಮ್ಮ ಸಾಲಿನಲ್ಲಿ ಬಂದು ನಿಲ್ಲುವುದಿಲ್ಲ. ಆದರೆ ಟವರ್ ಯಾರ ಸಾಲಿಗೆ ಯಾವಾಗ ಸರದಿ ಕೊಡಬೇಕೆಂದು ಮಿಲಿಸೆಕೆಂಡಿಗೊಮ್ಮೆ ತೀರ್ಮಾನಿಸುತ್ತದೆ. ಬೆಳಿಗ್ಗೆ ಹತ್ತು ಜನ ಇದ್ದಲ್ಲಿ ಸಂಜೆ ನೂರು ಜನ ಇದ್ದರೆ ನಿಮ್ಮ ಸರದಿ ಅಷ್ಟು ಅಪರೂಪ. ಸಿಗ್ನಲ್ ಚೆನ್ನಾಗಿದ್ದವರಿಗೆ ಸರದಿ ಕೊಟ್ಟರೆ ಒಟ್ಟು ಸರಕು ಹೆಚ್ಚು ಸಾಗುವುದರಿಂದ, ಕ್ಷೀಣ ಸಿಗ್ನಲ್ ಇರುವ ಒಳಕೋಣೆಯವರು ಇನ್ನಷ್ಟು ಕಾಯುತ್ತಾರೆ.

ಫೋನಿನ ಸಿಗ್ನಲ್ ಕಡ್ಡಿ ಇದನ್ನು ತೋರಿಸುವುದಿಲ್ಲ. ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎನ್ನುವುದಷ್ಟೇ ಕಡ್ಡಿಯ ಲೆಕ್ಕ. ಅಕ್ಕಪಕ್ಕದ ಟವರ್‌ಗಳ ಗದ್ದಲ ಎಷ್ಟು, ಸಾಲಿನಲ್ಲಿ ಎಷ್ಟು ಜನ ಎನ್ನುವುದು ಅದರಲ್ಲಿ ಇಲ್ಲ. ಕಡ್ಡಿ ಪೂರ್ತಿ ಇದ್ದು ಸಂಜೆ ಮಾತ್ರ ಕೆಡುತ್ತಿದ್ದರೆ ಅದು ಸಂದಣಿ. ಒಂದೇ ಕೋಣೆಯಲ್ಲಿ ಎಲ್ಲ ಹೊತ್ತೂ ಕೆಡುತ್ತಿದ್ದರೆ ಅದು ಸಿಗ್ನಲ್. ಟವರ್ ಕಡೆಯ ಕಿಟಕಿ ಪಕ್ಕ ಕೂತು ನೋಡಿ.

5ಜಿ ಹಾಕಿಸಿದರೆ ಸರಿಹೋಗುತ್ತದೆಯೇ?

ಒಳ್ಳೆಯ 5ಜಿ ಸಿಗ್ನಲ್ ಇದ್ದರೆ ನಿಜವಾಗಿಯೂ ವಾಸಿ. ಭಾರತದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ನಗರಗಳಲ್ಲಿ ಹೆಚ್ಚಾಗಿ ಸಿಗುವ 3.5 ಗಿಗಾಹರ್ಟ್ಸ್ 5ಜಿಯಲ್ಲಿ ಸರದಿಯ ತುಂಡು ಒಂದರ ಬದಲು ಅರ್ಧ ಮಿಲಿಸೆಕೆಂಡ್. ಕೆಟ್ಟದ್ದನ್ನು ಮತ್ತೆ ಕಳಿಸುವುದೂ ಬೇಗ. ಮುಖ್ಯವಾಗಿ, ಅಲ್ಲಿ ಇನ್ನೂ ಜಾಗ ಹೆಚ್ಚು, ಸಂದಣಿ ಕಡಿಮೆ.

ತೊಂದರೆ ಅಂಚಿನಲ್ಲಿದೆ. ಆ ಎತ್ತರದ ಅಲೆ ಗೋಡೆ ದಾಟಲು ತಿಣುಕುತ್ತದೆ. ಮನೆಯೊಳಗೆ ಒಂದು ಕಡ್ಡಿ 5ಜಿ ಇದ್ದರೆ ಫೋನ್ 4ಜಿಗೂ 5ಜಿಗೂ ಹಾರಾಡುತ್ತಾ ಇರುತ್ತದೆ, ಒಂದೊಂದು ಹಾರಾಟಕ್ಕೂ ಒಂದು ತಡೆ. ಸ್ಪೀಡ್ ಟೆಸ್ಟಿನಲ್ಲಿ 200 ಬರುತ್ತದೆ, ಗೇಮ್ ಮಾತ್ರ ಅರೆನಿಮಿಷಕ್ಕೊಮ್ಮೆ ಗಕ್ಕನೆ ನಿಲ್ಲುತ್ತದೆ. ಅಂಥ ಕೋಣೆಯಲ್ಲಿ ಸೆಟ್ಟಿಂಗ್‌ಗೆ ಹೋಗಿ ಆಟದ ಹೊತ್ತಿಗೆ 4ಜಿಗೆ ಬಿಗಿದುಬಿಡಿ. ಸ್ಪೀಡ್ ಬಿದ್ದು ಆಟ ಸುಧಾರಿಸಿದ್ದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಬಸ್ಸು, ರೈಲಿನಲ್ಲಿ ಆಡಬಹುದೇ?

ಚೆಸ್, ಲೂಡೊ ಆಡಿ. 4ಜಿಯಲ್ಲಿ ಒಂದು ಟವರ್ ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವುದು. ಸರಾಗವಾಗಿ ನಡೆದರೆ ಹತ್ತಾರು ಮಿಲಿಸೆಕೆಂಡಿನ ತಡೆ, ಹಿಡಿತ ತಪ್ಪಿದರೆ ಸೆಕೆಂಡ್‌ವರೆಗೂ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಓಡುವ ರೈಲಿನಲ್ಲಿ ಒಂದೂವರೆ ಕಿಲೋಮೀಟರಿಗೊಂದು ಟವರ್ ಇದ್ದರೆ ನಿಮಿಷಕ್ಕೊಮ್ಮೆ ಇದು ನಡೆಯುತ್ತದೆ. ಡೌನ್‌ಲೋಡ್ ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ, ಶೂಟಿಂಗ್ ಆಟಕ್ಕೆ ಆಗುವುದಿಲ್ಲ.

ನಾನೇ ಅಳೆದು ನೋಡುವುದು ಹೇಗೆ?

ಆಂಡ್ರಾಯ್ಡ್ ಫೋನಿನಲ್ಲಿ ಕಮಾಂಡ್ ಬರೆಯಲು ಬಿಡುವ ಟರ್ಮಕ್ಸ್ ಆಪ್ ಹಾಕಿಕೊಂಡು ಹೀಗೆ ಬರೆಯಿರಿ. ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಇದೇ.

```
ping -c 100 -i 0.2 1.1.1.1
```

`1.1.1.1` ಎನ್ನುವುದು ಎಲ್ಲರೂ ಬಳಸಬಹುದಾದ ಒಂದು ಸರ್ವರ್‌ನ ವಿಳಾಸ. ಅಲ್ಲಿಗೆ ಸೆಕೆಂಡಿಗೆ ಐದರಂತೆ ನೂರು ಸಲ ಹೋಗಿ ಬರುತ್ತದೆ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. `-i 0.2` ಬಿಡಬೇಡಿ. ಸೆಕೆಂಡಿಗೆ ಒಂದೇ ಕಳಿಸಿದರೆ ನಡುವೆ ಫೋನಿನ ರೇಡಿಯೊ ಬ್ಯಾಟರಿ ಉಳಿಸಲು ಕಣ್ಣು ಮುಚ್ಚುತ್ತದೆ, ಎಚ್ಚರವಾಗುವ ಹೊತ್ತೂ ಲೆಕ್ಕಕ್ಕೆ ಸೇರಿ ಸುಳ್ಳು ಜಿಟ್ಟರ್ ಕಾಣುತ್ತದೆ. ಆಡುವಾಗ ಸುದ್ದಿ ಎಡೆಬಿಡದೆ ಓಡುವುದರಿಂದ ರೇಡಿಯೊ ಎಚ್ಚರವೇ ಇರುತ್ತದೆ.

ಕೊನೆಯ ಸಾಲು ಹೀಗಿರುತ್ತದೆ:

```
rtt min/avg/max/mdev = 34.1/47.2/118.0/14.6 ms
```

ಮೊದಲು `min` ನೋಡಿ, ಅದು ದಾರಿಯ ದೂರ. `min` ಮತ್ತು `max` ನಡುವಿನ ಅಂತರ ಸಾಲು, ಸರದಿ, ಮರುಕಳಿಕೆಗಳದು. `mdev` ಏರುಪೇರಿನ ಅಳತೆ. ಅದು 10ರ ಒಳಗಿದ್ದರೆ ಚಿಂತೆಯಿಲ್ಲ, 30 ದಾಟಿದರೆ ಆಟದಲ್ಲಿ ಗೊತ್ತಾಗತೊಡಗುತ್ತದೆ. ಇದು ನನ್ನ ಅನುಭವದ ಅಂದಾಜು. ಸರಾಸರಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಮನೆಯಲ್ಲಿ ಯಾರೂ ನೆಟ್ ಬಳಸದಾಗ ಒಮ್ಮೆ, ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೊ ಅಪ್‌ಲೋಡ್ ಆಗುತ್ತಿರುವಾಗ ಇನ್ನೊಮ್ಮೆ ಅಳೆಯಿರಿ. ಎರಡನೇ ಸಲ ಮಾತ್ರ ಏರಿದರೆ ಬಫರ್ ಕಾರಣ. ಎರಡೂ ಸಲ ಕೆಟ್ಟಿದ್ದರೆ ಟವರ್ ಅಥವಾ ಮನೆಯ ವೈಫೈ. ವೈಫೈ ಆಫ್ ಮಾಡಿ ನೇರ ಸಿಮ್ ಡೇಟಾದಲ್ಲಿ ಅಳೆದರೆ ಎರಡರಲ್ಲಿ ಯಾವುದು ಎಂದೂ ಗೊತ್ತಾಗುತ್ತದೆ. ಕಮಾಂಡ್ ಬರೆಯಲು ಇಷ್ಟವಿಲ್ಲದವರು `fast.com` ತೆರೆದು ಹೆಚ್ಚಿನ ವಿವರ ಒತ್ತಿ. `Unloaded` ಮತ್ತು `Loaded` ಎಂದು ಎರಡು ಲೇಟೆನ್ಸಿ ತೋರಿಸುತ್ತದೆ. ಎರಡನೆಯದು ಮೊದಲನೆಯದರ ಹತ್ತು ಪಟ್ಟಿದ್ದರೆ ನಮ್ಮ ಅಕ್ಕನ ಮನೆಯ ಕಥೆಯೇ ನಿಮ್ಮಲ್ಲೂ.

ಪಿಂಗ್ ಬೂಸ್ಟರ್ ಆಪ್, ವಿಪಿಎನ್, ಡಿಎನ್‌ಎಸ್ ಬದಲಾವಣೆ ಇವುಗಳಿಂದ ಉಪಯೋಗ ಇದೆಯೇ?

ಡಿಎನ್‌ಎಸ್ ಹೆಸರಿನಿಂದ ವಿಳಾಸ ಹುಡುಕಿಕೊಡುತ್ತದೆ, ಅದು ಗೇಮ್ ತೆರೆಯುವಾಗಿನ ಕೆಲಸ. ಆಟದ ಪ್ಯಾಕೆಟ್ ಅದರ ಬಳಿ ಹೋಗುವುದೇ ಇಲ್ಲ. ವಿಪಿಎನ್‌ನಿಂದ ಒಂದೇ ಸಂದರ್ಭದಲ್ಲಿ ಲಾಭ: ನಿಮ್ಮ ಕಂಪನಿ ಆ ಸರ್ವರ್‌ಗೆ ಸುತ್ತುಬಳಸಿನ ದಾರಿ ಹಿಡಿದಿದ್ದು, ವಿಪಿಎನ್ ಕಂಪನಿಯದು ನೇರ ದಾರಿಯಾಗಿದ್ದರೆ. ಆಗ ಗೇಮಿನ ಮೂಲೆಯಲ್ಲಿ ಕಾಣುವ ಪಿಂಗ್‌ನ ಕನಿಷ್ಠ ಅಂಕಿಯೇ ಇಳಿಯುತ್ತದೆ. ಇಳಿಯದಿದ್ದರೆ ತೆಗೆದುಹಾಕಿ. ಟವರಿನ ಸರದಿಯನ್ನಾಗಲಿ ಬಫರಿನ ಸಾಲನ್ನಾಗಲಿ ಫೋನಿನ ಯಾವ ಆಪ್ ಕೂಡ ದಾಟಿಸಲಾರದು. ಹಿನ್ನೆಲೆಯ ಅಪ್‌ಡೇಟ್‌ಗಳನ್ನು ನಿಲ್ಲಿಸುವ ಆಪ್‌ಗಳಿಂದ ಸ್ವಲ್ಪ ಗುಣ ಕಾಣಬಹುದು, ಆ ಕೆಲಸವನ್ನು ಸೆಟ್ಟಿಂಗ್‌ನಲ್ಲಿ ನೀವೇ ಮಾಡಬಹುದು.

ಕಂಪನಿಗೆ ದೂರು ಕೊಟ್ಟರೆ ‘ಸ್ಪೀಡ್ ಸರಿಯಿದೆ’ ಎಂದು ಮುಚ್ಚಿಬಿಡುತ್ತಾರೆ. ಏನು ಹೇಳಬೇಕು?

‘ನೆಟ್ ಸ್ಲೋ’ ಎನ್ನಬೇಡಿ, ಅಂದರೆ ಅವರು ಸ್ಪೀಡ್ ಅಳೆದು ಮುಗಿಸುತ್ತಾರೆ. ‘ಸಂಜೆ ಏಳರಿಂದ ಹನ್ನೊಂದು ಲೇಟೆನ್ಸಿ ಏರುತ್ತದೆ’ ಎನ್ನಿ. ಮೂರು ದಿನ, ಬೆಳಿಗ್ಗೆ ಆರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ, ಒಂದೇ ಜಾಗದಲ್ಲಿ, ಬೇರೆ ಯಾರೂ ಬಳಸದಾಗ, ಸಿಮ್ ಡೇಟಾದ ಮೇಲೆ ಹಾಕಿದ ಪಿಂಗ್‌ನ ಆ ಕೊನೆಯ ಸಾಲನ್ನು ಬರೆದು ಕೊಡಿ. ಬೆಳಿಗ್ಗೆ 35/45/90, ರಾತ್ರಿ 38/160/700 ಎಂದು ಮೂರು ದಿನವೂ ಇದ್ದರೆ ಅದು ಸಂದಣಿ ಎಂದು ನಮ್ಮಂಥವರಿಗೆ ಕೂಡಲೇ ತಿಳಿಯುತ್ತದೆ. `min` ಹೆಚ್ಚುಕಡಿಮೆ ಬದಲಾಗಿಲ್ಲ ಎನ್ನುವುದೇ ಅದರ ಗುರುತು. ಹೊಸ ಬ್ಯಾಂಡ್ ಸೇರಿಸುವುದು, ಪಕ್ಕದ ಟವರಿಗೆ ಸ್ವಲ್ಪ ಜನರನ್ನು ತಿರುಗಿಸುವುದು ನಮ್ಮ ಕಡೆಯಿಂದ ಆಗುವ ಕೆಲಸ. ಮೊದಲನೆಯದಕ್ಕೆ ತಿಂಗಳುಗಳು ಹಿಡಿಯಬಹುದು, ಎರಡನೆಯದು ಕೆಲವೇ ದಿನಗಳಲ್ಲಿ ಆಗುತ್ತದೆ. ನಿಮ್ಮ ಬೀದಿಯ ಇನ್ನೂ ಇಬ್ಬರು ಮೂವರು ಇದೇ ಅಂಕಿ ಕೊಟ್ಟರೆ, ದೂರು ನಿಮ್ಮ ಫೋನಿನದಲ್ಲ, ಆ ಟವರಿನದು ಎಂದು ದಾಖಲಾಗುತ್ತದೆ.